ಎಲ್ಲಕ್ಕಿಂತ ಮೇಲಿನ ಪ್ರಯಾರಿಟಿಯ ಟಾಸ್ಕ್ ಆಗಾಗ ತಡವಾಗಿ ವಾಚ್‌ಡಾಗ್ ರೀಸೆಟ್ ಆಗ್ತಿದೆ. ಪ್ರಯಾರಿಟಿ ಇನ್ನೂ ಏರಿಸಲಾ, ಇಲ್ಲ ವಾಚ್‌ಡಾಗ್ ಸಮಯ ಹೆಚ್ಚಿಸಲಾ?

ಎರಡೂ ಬೇಡ. ಎರಡನ್ನೂ ಮಾಡಿ ಮೂರು ವಾರ ಕಳೆದುಕೊಂಡವನು ನಾನು.

ನಮ್ಮದು ಒಂದು ಚಿಕ್ಕ ಮೋಟಾರ್ ಕಂಟ್ರೋಲರ್ ಬೋರ್ಡ್. ಅದರಲ್ಲಿ ಫ್ರೀಆರ್‌ಟಿಒಎಸ್, ಅದರ ಮೇಲೆ ಮೂರೇ ಟಾಸ್ಕ್. ಕಂಟ್ರೋಲ್ ಟಾಸ್ಕಿನ ಪ್ರಯಾರಿಟಿ 5. ಅದು 10 ಮಿಲಿಸೆಕೆಂಡಿಗೊಮ್ಮೆ ಎದ್ದು, ಐಟುಸಿ ಬಸ್ಸಿನಲ್ಲಿರುವ ಸೆನ್ಸರ್ ಓದಿ, ಮೋಟಾರಿನ ವೇಗ ಸರಿಮಾಡಿ, ವಾಚ್‌ಡಾಗನ್ನು ತಟ್ಟಿ ಮತ್ತೆ ಮಲಗಬೇಕು. ಡಿಸ್‌ಪ್ಲೇ ಟಾಸ್ಕಿನ ಪ್ರಯಾರಿಟಿ 3. ಯಾರಾದರೂ ಬಟನ್ ಒತ್ತಿದರೆ ಅದು ಇಡೀ ಪರದೆಯನ್ನು ಹೊಸದಾಗಿ ಬರೆಯುತ್ತದೆ, ಅದಕ್ಕೆ 60 ಮಿಲಿಸೆಕೆಂಡ್ ಸಿಪಿಯು ಬೇಕು. ಲಾಗ್ ಟಾಸ್ಕಿನದು 1. ಸೆಕೆಂಡಿಗೊಮ್ಮೆ ಅದೇ ಐಟುಸಿ ಬಸ್ಸಿನಲ್ಲಿರುವ ಈಪ್ರಾಮಿಗೆ ಇಪ್ಪತ್ತು ಬೈಟ್ ಬರೆಯುವುದಷ್ಟೇ ಅದರ ಕೆಲಸ. 100 ಕಿಲೋಹರ್ಟ್ಸ್ ಬಸ್ಸಿನಲ್ಲಿ ಅದಕ್ಕೆ ಸುಮಾರು 2 ಮಿಲಿಸೆಕೆಂಡ್ ಹಿಡಿಯುತ್ತದೆ.

ಬಸ್ ಒಂದು, ಬಳಸುವವರು ಇಬ್ಬರು. ಹಾಗಾಗಿ ಒಂದು ಲಾಕ್ ಇಟ್ಟಿದ್ದೆ. ವಾಚ್‌ಡಾಗಿನ ಮಿತಿ 50 ಮಿಲಿಸೆಕೆಂಡ್.

ಬೋರ್ಡ್ ಎರಡು ದಿನ ಚೆನ್ನಾಗಿ ಓಡುತ್ತಿತ್ತು, ಮೂರನೇ ದಿನ ರೀಸೆಟ್. ಮೊದಲು ಪವರ್ ಸಪ್ಲೈ ಮೇಲೆ ಅನುಮಾನ ಬಂತು, ಕೆಪಾಸಿಟರ್ ಬದಲಿಸಿದೆ. ಅದು ಸುಳ್ಳು ಜಾಡು. ರೀಸೆಟ್ ಕಾರಣ ತೋರಿಸುವ ರಿಜಿಸ್ಟರ್ ಮೊದಲ ದಿನದಿಂದಲೂ ವಾಚ್‌ಡಾಗ್ ಅಂತಲೇ ಹೇಳುತ್ತಿತ್ತು, ನಾನೇ ನಂಬಲಿಲ್ಲ. ಆಮೇಲೆ ಕಂಟ್ರೋಲ್ ಟಾಸ್ಕನ್ನು 5ರಿಂದ 6ಕ್ಕೆ ಏರಿಸಿದೆ. ಏನೂ ಆಗಲಿಲ್ಲ, ಮತ್ತೆ 5ಕ್ಕೇ ತಂದೆ. ವಾಚ್‌ಡಾಗನ್ನು 200 ಮಿಲಿಸೆಕೆಂಡಿಗೆ ಎಳೆದೆ. ರೀಸೆಟ್ ನಿಂತಿತು, ಆದರೆ ಬಟನ್ ಒತ್ತಿದಾಗ ಎಂದೋ ಒಮ್ಮೆ ಮೋಟಾರ್ ಜರ್ಕ್ ಹೊಡೆಯತೊಡಗಿತು. ರೋಗ ಹಾಗೇ ಇತ್ತು, ಅದನ್ನು ಕೂಗಿ ಹೇಳುತ್ತಿದ್ದವನ ಬಾಯಿ ಮುಚ್ಚಿಸಿದ್ದೆ ಅಷ್ಟೇ.

ಕೊನೆಗೆ ಮೂರೂ ಟಾಸ್ಕಿಗೆ ಒಂದೊಂದು ಪಿನ್ ಕೊಟ್ಟೆ. `traceTASK_SWITCHED_IN` ಮತ್ತು `traceTASK_SWITCHED_OUT` ಮ್ಯಾಕ್ರೋಗಳಲ್ಲಿ, ಯಾವ ಟಾಸ್ಕ್ ಸಿಪಿಯು ಹಿಡಿದಿದೆಯೋ ಅದರ ಪಿನ್ ಮೇಲೆ ಹೋಗುವಂತೆ ಬರೆದು, ಲಾಜಿಕ್ ಅನಲೈಸರ್ ಹಚ್ಚಿ ಕೂತೆ. ನೂರಾರು ಸಲ ಬಟನ್ ಒತ್ತಿದ ಮೇಲೆ ಆ ಚಿತ್ರ ಸಿಕ್ಕಿತು. ಲಾಗ್ ಟಾಸ್ಕಿನ ಪಿನ್ ಅರ್ಧ ಮಿಲಿಸೆಕೆಂಡ್ ಮೇಲೆದ್ದು ಕೆಳಗೆ ಬಿತ್ತು. ಡಿಸ್‌ಪ್ಲೇ ಪಿನ್ ಮೇಲೆದ್ದಿತು. ಸ್ವಲ್ಪ ಹೊತ್ತಿಗೆ ಕಂಟ್ರೋಲ್ ಪಿನ್ ಒಂದು ಸೂಜಿಯಷ್ಟು ಮೇಲೆದ್ದು ಕೂಡಲೇ ಕೆಳಗಿಳಿಯಿತು. ಆಮೇಲೆ ಡಿಸ್‌ಪ್ಲೇ, ಡಿಸ್‌ಪ್ಲೇ, ಡಿಸ್‌ಪ್ಲೇ. ಬೇರೆ ಯಾರೂ ಇಲ್ಲ.

ಆ ಸೂಜಿಯಲ್ಲೇ ಎಲ್ಲ ಇದೆ. ಲಾಗ್ ಟಾಸ್ಕ್ ಲಾಕ್ ತೆಗೆದುಕೊಂಡು ಬೈಟ್ ಕಳಿಸುತ್ತಿದೆ. ಅರ್ಧ ಮಿಲಿಸೆಕೆಂಡಿಗೆ ಬಟನ್ ಬಂತು. ಡಿಸ್‌ಪ್ಲೇ ಪ್ರಯಾರಿಟಿ ಜಾಸ್ತಿ, ಲಾಗನ್ನು ಪಕ್ಕಕ್ಕೆ ತಳ್ಳಿ ಓಡತೊಡಗಿತು. ಇದರಲ್ಲಿ ತಪ್ಪೇನಿಲ್ಲ. ಆದರೆ ಲಾಕ್ ಲಾಗಿನ ಕೈಯಲ್ಲೇ ಉಳಿಯಿತು. ಮುಂದೆ ಕಂಟ್ರೋಲ್ ಟಾಸ್ಕಿನ ಸಮಯ ಬಂತು, ಅದು ಡಿಸ್‌ಪ್ಲೇಯನ್ನು ತಳ್ಳಿ ಎದ್ದಿತು, ಲಾಕ್ ಕೇಳಿತು, ಸಿಗಲಿಲ್ಲ, ಕಾಯುವ ಸಾಲಿಗೆ ಹೋಯಿತು. ಈಗ ಓಡಲು ತಯಾರಿರುವವರು ಡಿಸ್‌ಪ್ಲೇ ಮತ್ತು ಲಾಗ್ ಮಾತ್ರ. ಅವರಲ್ಲಿ ಡಿಸ್‌ಪ್ಲೇ ದೊಡ್ಡದು. ಅದು ತನ್ನ 60 ಮಿಲಿಸೆಕೆಂಡ್ ಮುಗಿಸುವವರೆಗೆ ಲಾಗಿಗೆ ಸಿಪಿಯು ಇಲ್ಲ, ಲಾಗ್ ಓಡದೆ ಲಾಕ್ ಬಿಡುಗಡೆ ಇಲ್ಲ, ಲಾಕ್ ಇಲ್ಲದೆ ಕಂಟ್ರೋಲ್ ಇಲ್ಲ. ಬಸ್ಸನ್ನು ಮುಟ್ಟದೇ ಇರುವ ಡಿಸ್‌ಪ್ಲೇ, 3ರ ಪ್ರಯಾರಿಟಿ ಇಟ್ಟುಕೊಂಡು 5ರವನನ್ನು ಕಾಯಿಸುತ್ತಿದೆ. ಇದಕ್ಕೇ ಪ್ರಯಾರಿಟಿ ಇನ್ವರ್ಶನ್ ಅನ್ನುವುದು.

ಈಗ ಗೊತ್ತಾಯಿತಲ್ವಾ, ಪ್ರಯಾರಿಟಿ ಏರಿಸಿದರೆ ಯಾಕೆ ಏನೂ ಆಗಲ್ಲ ಅಂತ? ಕಂಟ್ರೋಲ್ ಟಾಸ್ಕ್ ಸಿಪಿಯುಗಾಗಿ ಪೈಪೋಟಿ ಮಾಡುತ್ತಲೇ ಇಲ್ಲ. ಅದು ಮಲಗಿದೆ. ಮಲಗಿದವನಿಗೆ 6 ಕೊಟ್ಟರೂ ಅಷ್ಟೆ, 60 ಕೊಟ್ಟರೂ ಅಷ್ಟೆ. ಯಾವಾಗಲೋ ಒಮ್ಮೆ ಮಾತ್ರ ಆಗುವುದು ಯಾಕೆ ಅನ್ನುವುದಕ್ಕೂ ಲೆಕ್ಕ ಇಲ್ಲೇ ಸಿಗುತ್ತದೆ. ಪ್ರತಿ 1000 ಮಿಲಿಸೆಕೆಂಡಿನಲ್ಲಿ ಲಾಕ್ ಲಾಗಿನ ಕೈಯಲ್ಲಿರುವುದು 2 ಮಿಲಿಸೆಕೆಂಡ್. ಬಟನ್ ಒತ್ತುವುದು ಸರಿಯಾಗಿ ಆ ಸಂದಿಯಲ್ಲೇ ಬೀಳಬೇಕು, ಅಂದರೆ ಹೆಚ್ಚುಕಮ್ಮಿ 500ಕ್ಕೆ ಒಂದು ಸಲ. ನಾವು ಟೆಸ್ಟಿನಲ್ಲಿ ಇಪ್ಪತ್ತು ಸಲ ಒತ್ತಿ, ಆಯ್ತು ಅಂದಿದ್ದೆವು.

ನನ್ನ ತಪ್ಪು ಯಾವುದು ಅಂತ ಈಗ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಇದೊಂದನ್ನು ಯಾರೂ ನನಗೆ ಸರಿಯಾಗಿ ಹೇಳಿರಲಿಲ್ಲ.

```c
/* ಮೊದಲು ಹೀಗಿತ್ತು */
busLock = xSemaphoreCreateBinary();
xSemaphoreGive(busLock);

/* ಈಗ ಹೀಗಿದೆ */
busLock = xSemaphoreCreateMutex();
```

ಬೈನರಿ ಸೆಮಫೋರನ್ನು ಲಾಕ್ ಮಾಡಿಕೊಂಡಿದ್ದೆ. ತೆಗೆದುಕೊಳ್ಳಲು `xSemaphoreTake`, ಕೊಡಲು `xSemaphoreGive`, ಎರಡಕ್ಕೂ ಅವೇ. ಹ್ಯಾಂಡಲ್ ಟೈಪ್ ಕೂಡ ಅದೇ `SemaphoreHandle_t`. ಹಾಗಾಗಿ ಕಂಪೈಲರ್ ಚಕಾರ ಎತ್ತಲ್ಲ. ಲಾಕ್ ಕೆಲಸವೂ ಸರಿಯಾಗೇ ಆಗುತ್ತದೆ, ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಬರಲ್ಲ. ಡೇಟಾ ಎಂದೂ ಕೆಡಲಿಲ್ಲ. ಕೆಟ್ಟಿದ್ದರೆ ಬೇಗ ಸಿಕ್ಕಿಬೀಳುತ್ತಿದ್ದೆ.

ಆದರೆ ಸೆಮಫೋರಿಗೆ ಯಜಮಾನ ಅಂತ ಯಾರೂ ಇಲ್ಲ. ಅದರೊಳಗೆ ಇರುವುದು ಒಂದು ಎಣಿಕೆ, ಸೊನ್ನೆ ಅಥವಾ ಒಂದು. ಯಾರು ತೆಗೆದುಕೊಂಡರು ಅಂತ ಕರ್ನಲ್ ಬರೆದಿಡುವುದೇ ಇಲ್ಲ, ಯಾಕೆಂದರೆ ಬರೆದಿಡಬೇಕಾದ ಅಗತ್ಯ ಅದಕ್ಕಿಲ್ಲ. ಸೆಮಫೋರ್ ಇರುವುದೇ ಸುದ್ದಿ ಮುಟ್ಟಿಸಲು: ಒಂದು ಇಂಟರಪ್ಟ್ ಕೊಡುತ್ತದೆ, ಒಂದು ಟಾಸ್ಕ್ ತೆಗೆದುಕೊಳ್ಳುತ್ತದೆ. ಕೊಡುವವನು ಬೇರೆ, ತೆಗೆದುಕೊಳ್ಳುವವನು ಬೇರೆ. ಅಲ್ಲಿ ಯಜಮಾನ ಅನ್ನುವ ಮಾತಿಗೇ ಅರ್ಥ ಇಲ್ಲ. ನನ್ನ ಕಂಟ್ರೋಲ್ ಟಾಸ್ಕ್ ಕಾಯುತ್ತ ನಿಂತಾಗ, ಯಾರಿಂದಾಗಿ ಕಾಯುತ್ತಿದೆ ಅಂತ ಕರ್ನಲ್ಲಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದವನನ್ನು ಬೇಗ ಮುಗಿಸು ಅಂತ ಮುಂದೆ ತಳ್ಳುವುದು ಹೇಗೆ?

ಮ್ಯೂಟೆಕ್ಸಿಗೆ ಯಜಮಾನ ಇದ್ದಾನೆ. ಅದರೊಳಗೆ ಹಿಡಿದ ಟಾಸ್ಕಿನ ಗುರುತು ಇರುತ್ತದೆ. ಪ್ರಯಾರಿಟಿ ಇನ್‌ಹೆರಿಟೆನ್ಸ್ ಅನ್ನುವುದು ಆ ಒಂದು ಗುರುತಿನ ಮೇಲೆ ನಿಂತಿದೆ.

ನಿಮ್ಮ ಕೋಡಿನಲ್ಲಿ ಇದೇ ಇದೆಯಾ ಅಂತ ನೋಡಲು ಒಂದು ಸುಲಭದ ಗುರುತು ಇದೆ. `xSemaphoreCreateBinary` ಹುಡುಕಿ, ಅದರ ಕೆಳಗಿನ ಸಾಲು ನೋಡಿ. ಅಲ್ಲೇ ಒಂದು `xSemaphoreGive` ಇದ್ದರೆ ನೀವೂ ನನ್ನ ಹಾಗೇ ಮಾಡಿದ್ದೀರಿ. ಬೈನರಿ ಸೆಮಫೋರ್ ಹುಟ್ಟುವಾಗ ಖಾಲಿ ಇರುತ್ತದೆ, ಇನ್ನೂ ಸುದ್ದಿ ಬಂದಿಲ್ಲ ಅಂತ. ಅದನ್ನು ಲಾಕ್ ಮಾಡಿಕೊಳ್ಳುವವರು ಮಾತ್ರ ಮೊದಲೇ ಒಂದು ಸಲ ತುಂಬಿಸಬೇಕಾಗುತ್ತದೆ. ಆ ಸಾಲು ಬರೆಯುವಾಗ ನನಗೂ ಇದೇನಪ್ಪಾ ವಿಚಿತ್ರ ಅನ್ನಿಸಿತ್ತು. ಸುಮ್ನೆ ಬರೆದು ಮುಂದೆ ಹೋದೆ.

ಮ್ಯೂಟೆಕ್ಸ್ ಹಾಕಿದ ಮೇಲೆ ಅದೇ ಘಟನೆ ಹೇಗೆ ಓಡುತ್ತದೆ ನೋಡಿ. ಲಾಗ್ ಲಾಕ್ ಹಿಡಿದಿದೆ, ಡಿಸ್‌ಪ್ಲೇ ಅದನ್ನು ತಳ್ಳಿ ಓಡುತ್ತಿದೆ, ಇಲ್ಲಿಯವರೆಗೆ ಏನೂ ಬದಲಾಗಿಲ್ಲ. ಕಂಟ್ರೋಲ್ ಎದ್ದು ಲಾಕ್ ಕೇಳುತ್ತದೆ. ಈಗ ಕರ್ನಲ್ ಯಜಮಾನ ಯಾರು ಅಂತ ನೋಡಿ, ಲಾಗಿನ ಪ್ರಯಾರಿಟಿಯನ್ನು 1ರಿಂದ 5ಕ್ಕೆ ಏರಿಸಿ, ಆಮೇಲೆ ಕಂಟ್ರೋಲನ್ನು ಮಲಗಿಸುತ್ತದೆ. 5ರಲ್ಲಿರುವ ಲಾಗ್, 3ರಲ್ಲಿರುವ ಡಿಸ್‌ಪ್ಲೇಯನ್ನು ಹಿಂದಕ್ಕೆ ಹಾಕಿ, ಉಳಿದ ಒಂದೂವರೆ ಮಿಲಿಸೆಕೆಂಡ್ ಬರೆದು ಲಾಕ್ ಬಿಡುತ್ತದೆ. ಬಿಟ್ಟ ಕ್ಷಣವೇ ಅದರ ಪ್ರಯಾರಿಟಿ ಮತ್ತೆ 1. ಕಂಟ್ರೋಲ್ ಎದ್ದು ತನ್ನ ಕೆಲಸ ಮುಗಿಸುತ್ತದೆ, ಡಿಸ್‌ಪ್ಲೇ ಆಮೇಲೆ ಮುಂದುವರಿಯುತ್ತದೆ. 60 ಮಿಲಿಸೆಕೆಂಡಿನ ಹತ್ತಿರ ಹೋಗುತ್ತಿದ್ದ ಕಾಯುವಿಕೆ ಎರಡರೊಳಗೆ ಬಂತು. ಮುಖ್ಯವಾದದ್ದು ಏನೆಂದರೆ, ಈಗ ಅದನ್ನು ಮೊದಲೇ ಲೆಕ್ಕ ಹಾಕಬಹುದು: ಲಾಗ್ ಲಾಕ್ ಹಿಡಿಯುವ ಸಮಯಕ್ಕಿಂತ ಜಾಸ್ತಿ ಆಗಲ್ಲ. ಮೊದಲು ಅದು ಡಿಸ್‌ಪ್ಲೇ ಎಷ್ಟು ಹೊತ್ತು ಓಡುತ್ತದೆ ಅನ್ನುವುದರ ಮೇಲಿತ್ತು, ನಾಳೆ ಯಾರಾದರೂ ದೊಡ್ಡ ಪರದೆ ಹಾಕಿದರೆ ಅದೂ ಬೆಳೆಯುತ್ತಿತ್ತು.

ನಾಚಿಕೆ ಪಡಬೇಡಿ, ಇದು ದೊಡ್ಡವರಿಗೂ ಆಗಿದೆ. 1997ರ ಜುಲೈಯಲ್ಲಿ ಮಂಗಳನ ಮೇಲೆ ಇಳಿದ ನಾಸಾದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು, ಕಾರಣ ಇದೇ. ಹವಾಮಾನದ ಡೇಟಾ ತರುವ ಕೆಳಗಿನ ಟಾಸ್ಕ್ ಲಾಕ್ ಹಿಡಿದಿರುತ್ತಿತ್ತು, ನಡುವಿನ ಟಾಸ್ಕ್‌ಗಳು ಅದನ್ನು ಓಡಲು ಬಿಡುತ್ತಿರಲಿಲ್ಲ, ಬಸ್ ನೋಡಿಕೊಳ್ಳುವ ಮೇಲಿನ ಟಾಸ್ಕ್ ತನ್ನ ಗಡುವು ತಪ್ಪಿಸುತ್ತಿತ್ತು. ಅವರು ಬಳಸಿದ್ದ ವಿಎಕ್ಸ್‌ವರ್ಕ್ಸ್‌ನಲ್ಲಿ ಮ್ಯೂಟೆಕ್ಸಿಗೆ ಇನ್‌ಹೆರಿಟೆನ್ಸ್ ಒಂದು ಆಯ್ಕೆ, ಅದು ಆಫ್ ಆಗಿತ್ತು. ಭೂಮಿಯಿಂದಲೇ ಆನ್ ಮಾಡಿದರು.

ಮ್ಯೂಟೆಕ್ಸಿಗೆ ಬದಲಾಯಿಸುವ ಮುಂಚೆ `FreeRTOSConfig.h`ನಲ್ಲಿ `configUSE_MUTEXES` 1 ಇದೆಯಾ ನೋಡಿಕೊಳ್ಳಿ. ಇಂಟರಪ್ಟ್ ಒಳಗೆ ಮ್ಯೂಟೆಕ್ಸ್ ಮುಟ್ಟುವ ಹಾಗಿಲ್ಲ, ಇಂಟರಪ್ಟ್ ಟಾಸ್ಕ್ ಅಲ್ಲವಲ್ಲ, ಅದು ಯಜಮಾನ ಆಗಲಾರದು. ಇನ್ನೊಂದು ಫ್ರೀಆರ್‌ಟಿಒಎಸ್‌ನದೇ ವರಸೆ: ಒಂದು ಟಾಸ್ಕ್ ಎರಡು ಮ್ಯೂಟೆಕ್ಸ್ ಹಿಡಿದಿದ್ದರೆ, ಎರಡನ್ನೂ ಬಿಟ್ಟ ಮೇಲೆಯೇ ಅದರ ಪ್ರಯಾರಿಟಿ ಕೆಳಗಿಳಿಯುತ್ತದೆ. ಒಂದರೊಳಗೆ ಒಂದು ಲಾಕ್ ಹಿಡಿಯದೇ ಇದ್ದರೆ ಈ ತಲೆನೋವು ಇಲ್ಲ. ನಾನಂತೂ ಹಿಡಿಯುವುದಿಲ್ಲ.

ಇಷ್ಟಾದ ಮೇಲೂ ನಾನು ಮತ್ತೊಮ್ಮೆ ಬಿದ್ದೆ. ತಿಂಗಳಾದ ಮೇಲೆ, ಈಪ್ರಾಮಿಗೆ ಬರೆದದ್ದು ಸರಿಯಾಗಿ ಕೂತಿದೆಯಾ ಅಂತ ತಿರುಗಿ ಓದುವ ಕೋಡ್ ಸೇರಿಸಿದೆ. ಈಪ್ರಾಮ್ ಒಳಗೊಳಗೇ ಬರೆದುಕೊಳ್ಳಲು ಸುಮಾರು 5 ಮಿಲಿಸೆಕೆಂಡ್ ಬೇಕು. ಹಾಗಾಗಿ ಲಾಕ್ ಹಿಡಿದುಕೊಂಡೇ ಬರೆದು, `vTaskDelay` ಹಾಕಿ, ಆಮೇಲೆ ಓದಿದೆ. ರೀಸೆಟ್ ಆಗಲಿಲ್ಲ, ಆದರೆ ಕಂಟ್ರೋಲ್ ಟಾಸ್ಕ್ ಸೆಕೆಂಡಿಗೊಮ್ಮೆ ಏಳೆಂಟು ಮಿಲಿಸೆಕೆಂಡ್ ತಡವಾಗತೊಡಗಿತು. ಅನಲೈಸರ್ ಹಚ್ಚಿದರೆ ಈ ಸಲ ಮೂರೂ ಪಿನ್ ಕೆಳಗೇ ಇವೆ, ಯಾರೂ ಓಡುತ್ತಿಲ್ಲ! ಲಾಗಿಗೆ 5ರ ಪ್ರಯಾರಿಟಿ ಸಿಕ್ಕಿತ್ತು, ಆದರೆ ಅದೇ ನಿದ್ದೆ ಮಾಡುತ್ತಿತ್ತು. ಇನ್‌ಹೆರಿಟೆನ್ಸ್ ಕೊಡುವುದು ಪ್ರಯಾರಿಟಿ ಮಾತ್ರ, ಡಿಲೇಯಲ್ಲಿ ಮಲಗಿದವನನ್ನು ಅದು ಎಬ್ಬಿಸಲ್ಲ.

ಈಪ್ರಾಮ್ ಒಳಗೆ ಬರೆದುಕೊಳ್ಳುವಾಗ ಬಸ್ ಖಾಲಿಯೇ ಇರುತ್ತದೆ, ಸೆನ್ಸರನ್ನು ಧಾರಾಳವಾಗಿ ಓದಬಹುದು. ಬರೆದು ಲಾಕ್ ಬಿಟ್ಟು, ಲಾಕ್ ಇಲ್ಲದೆ ಮಲಗಿ, ಎದ್ದು ಮತ್ತೆ ಲಾಕ್ ತೆಗೆದುಕೊಂಡು ಓದುವ ಹಾಗೆ ಮಾಡಿದೆ. ತಡ ಮತ್ತೆ ಎರಡು ಮಿಲಿಸೆಕೆಂಡಿನೊಳಗೆ ಬಂತು. ಆಮೇಲೆ ವಾಚ್‌ಡಾಗನ್ನು 200ರಿಂದ 50ಕ್ಕೇ ಇಳಿಸಿದೆ.