ರಕ್ತದ ಮನವಿ ಹಾಕಿ ಕಾಟವೇ ಜಾಸ್ತಿ ಆಯಿತು, ತಪ್ಪೆಲ್ಲಿತ್ತು?

"ಗೆಳೆಯನ ತಾಯಿಗೆ ರಕ್ತ ಬೇಕು ಅಂತ ಪೋಸ್ಟ್ ಹಾಕಿದ್ದೆ. ರಕ್ತಕ್ಕಿಂತ ಕಾಟವೇ ಜಾಸ್ತಿ ಬಂತು, ಅವರ ಮನೆಯವರೂ ನನ್ನ ಮೇಲೆ ಸಿಟ್ಟಾಗಿದ್ದಾರೆ. ಜನ ಓದದೆ ಶೇರ್ ಮಾಡ್ತಾರೆ ಅನ್ನೋದು ಬಿಟ್ಟರೆ ನನ್ನ ಪೋಸ್ಟಿನಲ್ಲಿ ತಪ್ಪೇನಿತ್ತು? ಈಗ ಡಿಲೀಟ್ ಮಾಡಿದರೆ ಸಾಕಾ?"

ಓದದೆ ಶೇರ್ ಮಾಡಿದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಓದಿಯೇ ಮಾಡಿರುತ್ತಾರೆ. ನೀವು ಬರೆಯದೆ ಬಿಟ್ಟದ್ದನ್ನು ತಮಗೆ ತಿಳಿದಿದ್ದರಿಂದ ತುಂಬಿಕೊಂಡಿರುತ್ತಾರೆ. ನಮ್ಮ ಮನೆಯಲ್ಲಿ ಆಗಿದ್ದೂ ಅದೇ.

2024ರ ಜುಲೈ. ಮೈಸೂರಿನಲ್ಲಿ ನಮ್ಮ ಭಾವನಿಗೆ ರಕ್ತದ ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿತ್ತು. ಕೀಮೋ ಆದ ಮೇಲೆ ಪ್ಲೇಟ್‌ಲೆಟ್ ಇಳಿಯುತ್ತದೆ ಅಂತ ಮೊದಲೇ ಹೇಳಿದ್ದರು. ಒಂದು ಶನಿವಾರ ಸಂಜೆಯ ರಿಪೋರ್ಟಿನಲ್ಲಿ ಎಂಟು ಸಾವಿರ ಬಂತು. ಹತ್ತು ಸಾವಿರಕ್ಕಿಂತ ಕೆಳಗೆ ಹೋದರೆ ಇಂಥ ರೋಗಿಗಳಿಗೆ ರಕ್ತಸ್ರಾವ ಕಾಣಿಸದಿದ್ದರೂ ಪ್ಲೇಟ್‌ಲೆಟ್ ಹಾಕುತ್ತಾರೆ. "ನಾಳೆ ಬೆಳಿಗ್ಗೆ ಒಬ್ಬ ಡೋನರ್ ಕರಕೊಂಡು ಬನ್ನಿ" ಅಂದರು ಡಾಕ್ಟರು. ಅಕ್ಕ ವಾರ್ಡಿನ ಹೊರಗಿನಿಂದ ಫೋನ್ ಮಾಡಿ ಅತ್ತಳು. ನಾನಿದ್ದದ್ದು ಬೆಂಗಳೂರಿನಲ್ಲಿ. ರಾತ್ರಿ ಒಂಬತ್ತರ ಹೊತ್ತಿಗೆ ಹೀಗೆ ಬರೆದು ಫೇಸ್‌ಬುಕ್‌ಗೂ ಗೊತ್ತಿದ್ದ ವಾಟ್ಸಾಪ್ ಗ್ರೂಪುಗಳಿಗೂ ಹಾಕಿದೆ:

"ತುರ್ತು! ಮೈಸೂರಿನಲ್ಲಿ ರೋಗಿಗೆ ಬಿ ನೆಗೆಟಿವ್ ಪ್ಲೇಟ್‌ಲೆಟ್ ಇಂದೇ ಬೇಕು. ಜೀವ ಉಳಿಸಿ. ಆದಷ್ಟು ಶೇರ್ ಮಾಡಿ." ಕೆಳಗೆ ಅಕ್ಕನ ನಂಬರು.

ನಮ್ಮನ್ನು ಮುಳುಗಿಸಿದ್ದು ಅದರಲ್ಲಿದ್ದ "ಇಂದೇ". ಡಾಕ್ಟರು ಹೇಳಿದ್ದು ನಾಳೆ ಬೆಳಿಗ್ಗೆ. ನಾಳೆ ಅಂತ ಬರೆದರೆ ಜನ ಸುಮ್ಮನಾಗುತ್ತಾರೆ ಅನ್ನಿಸಿ ಇಂದೇ ಅಂತ ಹಾಕಿದೆ, ತಾರೀಖು ಹಾಕಲಿಲ್ಲ. ಅದರ ಮೊದಲ ಪೆಟ್ಟು ಆ ರಾತ್ರಿಯೇ ಬಿತ್ತು. ಪ್ಲೇಟ್‌ಲೆಟ್ ಕೊಡುವುದು ಬಾಟಲಿ ರಕ್ತ ಕೊಟ್ಟು ಹತ್ತು ನಿಮಿಷದಲ್ಲಿ ಎದ್ದು ಬಂದ ಹಾಗಲ್ಲ. ಮೊದಲು ಡೋನರ್‌ನ ಕೌಂಟ್ ಒಂದೂವರೆ ಲಕ್ಷ ದಾಟಿರಬೇಕು, ಮೂರು ದಿನದೊಳಗೆ ಆಸ್ಪಿರಿನ್ ತಗೊಂಡಿರಬಾರದು, ತೋಳಿನ ನರ ದಪ್ಪಗಿರಬೇಕು. ಎಚ್‌ಐವಿ, ಹೆಪಟೈಟಿಸ್ ಟೆಸ್ಟುಗಳ ರಿಪೋರ್ಟ್ ಬರಬೇಕು. ಆಮೇಲೆ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸುವ ಮೆಷಿನ್ ಪಕ್ಕದಲ್ಲಿ ಒಂದು, ಒಂದೂವರೆ ಗಂಟೆ ಕೂರಬೇಕು. ಆ ಬ್ಲಡ್ ಬ್ಯಾಂಕಿನಲ್ಲಿ ಮೆಷಿನ್ ನಡೆಸುವವರು ರಾತ್ರಿ ಇರುತ್ತಿರಲಿಲ್ಲ. ಹನ್ನೊಂದು ಗಂಟೆಗೆ ನಂಜನಗೂಡಿನಿಂದ ಬೈಕಿನಲ್ಲಿ ಬಂದ ಇಬ್ಬರು ಹುಡುಗರನ್ನು ಸೆಕ್ಯೂರಿಟಿಯವರು ಗೇಟಿನಿಂದಲೇ ಕಳಿಸಿದರು. ಅವರಲ್ಲೊಬ್ಬ ನನ್ನ ಪೋಸ್ಟಿನ ಕೆಳಗೆ "ಫೇಕ್, ಯಾರೂ ಹೋಗಬೇಡಿ" ಅಂತ ಬರೆದ. ಅವನ ಮೇಲೆ ನನಗೆ ಕೋಪವಿಲ್ಲ. ಇಂದೇ ಬೇಕು ಅಂದವನು ನಾನು, ಮಳೆಯಲ್ಲಿ ಬಂದವನು ಅವನು.

ಎರಡನೇ ಪೆಟ್ಟು ತಿಂಗಳುಗಟ್ಟಲೆ ಬೀಳುತ್ತಲೇ ಇತ್ತು. ತಾರೀಖಿಲ್ಲದ "ಇಂದು" ಓದಿದವನ ಇಂದು. ಗಣಪತಿ ಹಬ್ಬ ಕಳೆದ ಮೇಲೂ ಅಕ್ಕನಿಗೆ ಫೋನ್: "ಮೇಡಂ, ಬ್ಲಡ್ ಇನ್ನೂ ಬೇಕಾ?" ನಂಬರ್ ಬದಲಿಸೋಣ ಅಂದರೆ ಬ್ಯಾಂಕು, ವಿಮೆ, ಆಸ್ಪತ್ರೆಯ ಫೈಲು ಎಲ್ಲ ಅದಕ್ಕೇ ಅಂಟಿಕೊಂಡಿತ್ತು.

ಇನ್ನು ಓದಿದವರು ಏನನ್ನು ತಲೆಯಲ್ಲಿಟ್ಟುಕೊಂಡು ಓದಿದರು ಅನ್ನುವುದು. ಆ ಜುಲೈಯಲ್ಲಿ ಟಿವಿ ಹಾಕಿದರೆ ಡೆಂಗ್ಯೂ. ನಾನು ಕಾಯಿಲೆಯ ಹೆಸರು ಬರೆಯಲಿಲ್ಲ, ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಅಂದರೆ ಎಲ್ಲರಿಗೂ ಡೆಂಗ್ಯೂ. ಪಪ್ಪಾಯಿ ಎಲೆಯ ರಸ ಕುಡಿಸಿ ಅನ್ನುವವರು, ಡೆಂಗ್ಯೂಗೆ ಸುಮ್ಮಸುಮ್ಮನೆ ಪ್ಲೇಟ್‌ಲೆಟ್ ಹಾಕಿಸಬೇಡಿ ಅನ್ನುವವರು, ಒಬ್ಬರಾದ ಮೇಲೆ ಒಬ್ಬರು. ಎರಡನೆಯವರು ಡೆಂಗ್ಯೂ ಮಟ್ಟಿಗೆ ಹೇಳಿದ್ದು ಸರಿಯೇ. ನಮ್ಮ ರೋಗಿಗೆ ಸಂಬಂಧವಿರಲಿಲ್ಲ, ಆದರೆ ಅದು ಅವರಿಗೆ ಗೊತ್ತಾಗುವ ದಾರಿಯನ್ನು ನಾನು ಇಟ್ಟಿರಲಿಲ್ಲ.

ಅತಿ ಹೆಚ್ಚು ಫೋನ್ ಮಾಡಿದವರು ಬೇಜವಾಬ್ದಾರಿ ಜನರಲ್ಲ, ಜವಾಬ್ದಾರಿ ಇದ್ದವರು. ಇದನ್ನು ನೀವು ಗಮನಿಸಬೇಕು. ಫಾರ್ವರ್ಡ್ ಮಾಡುವ ಮುಂಚೆ ವಿಚಾರಿಸಿ ಅಂತ ನಾವೆಲ್ಲ ಹೇಳುತ್ತಲೇ ಬಂದಿದ್ದೇವಲ್ಲ, ಅವರು ವಿಚಾರಿಸಿದರು. ಯಾವ ಆಸ್ಪತ್ರೆ, ಎಷ್ಟು ಜನ ಬೇಕು, ಎಷ್ಟು ಗಂಟೆಗೆ, ಸಿಕ್ಕಿತಾ ಇಲ್ಲವಾ. ಬರೆಯದೆ ಬಿಟ್ಟ ಒಂದೊಂದು ಸಂಗತಿಯೂ ಒಂದೊಂದು ಕರೆಯಾಗಿ ಅಕ್ಕನ ಕೈಗೆ ಬಂತು. ಅಷ್ಟರಲ್ಲಿ ಬ್ಲಡ್ ಬ್ಯಾಂಕಿನವರು ತಮ್ಮ ರಿಜಿಸ್ಟರಿನಲ್ಲೇ ಒಬ್ಬ ಡೋನರ್‌ನನ್ನು ಹುಡುಕಿ, ಫಾರಂ ತನ್ನಿ ಅಂತ ಹೇಳಲು ಬೆಳಿಗ್ಗೆಯಿಂದ ಅದೇ ನಂಬರಿಗೆ ಪ್ರಯತ್ನಿಸುತ್ತಿದ್ದರು. ಯಾವಾಗಲೂ ಬಿಜಿ. ಕೊನೆಗೆ ಅಟೆಂಡರ್ ಒಬ್ಬರು ವಾರ್ಡಿಗೇ ನಡೆದು ಬಂದು ಹೇಳಿದರು. ಭಾವನಿಗೆ ಚೀಲ ಏರಿದ್ದು ಸಂಜೆ. ಅಷ್ಟೊತ್ತಿಗೆ ವಸಡಿನಲ್ಲಿ ರಕ್ತ ಒಸರಲು ಶುರುವಾಗಿತ್ತು.

ಬಿ ನೆಗೆಟಿವ್ ಅಂತ ಬರೆದದ್ದೂ ಅರ್ಧ ಸತ್ಯ. ಅದು ರೋಗಿಯ ಗುಂಪು. ಯಾರ ಪ್ಲೇಟ್‌ಲೆಟ್ ನಡೆಯುತ್ತದೆ ಅನ್ನುವುದು ಬೇರೆ ಪ್ರಶ್ನೆ. ಮೆಷಿನ್‌ನಲ್ಲಿ ತೆಗೆದ ಪ್ಲೇಟ್‌ಲೆಟ್‌ನಲ್ಲಿ ಕೆಂಪು ಕಣ ತೀರಾ ಕಡಿಮೆ, ಹಾಗಾಗಿ ದೊಡ್ಡ ಗಂಡಸರಿಗೆ ಪಾಸಿಟಿವ್ ಡೋನರ್ ಆದರೂ ಡಾಕ್ಟರು ಸಾಮಾನ್ಯವಾಗಿ ಒಪ್ಪುತ್ತಾರೆ. ಮಕ್ಕಳಾಗುವ ವಯಸ್ಸಿನ ಹೆಂಗಸರಾದರೆ ಲೆಕ್ಕ ಬೇರೆ. ನಮ್ಮಲ್ಲಿ ಬಿ ಪಾಸಿಟಿವ್ ಬೇಕಾದಷ್ಟು ಜನ, ನೆಗೆಟಿವ್ ಗುಂಪಿನವರು ನೂರಕ್ಕೆ ಐದಾರು. ಬರಬಹುದಾಗಿದ್ದ ಎಷ್ಟೋ ಜನ "ನಮ್ಮದಲ್ಲ" ಅಂತ ಮುಂದೆ ಹೋಗಿರುತ್ತಾರೆ. ಭಾವನಿಗೆ ಅವತ್ತು ಕೊಟ್ಟವರು ಬಿ ಪಾಸಿಟಿವ್.

ಇದಕ್ಕಿಂತ ನೋವಾದದ್ದು ಮುಂದಿನ ವಾರ. ಕೀಮೋ ರೋಗಿಗೆ ಒಂದು ಸಲ ಹಾಕಿದರೆ ಮುಗಿಯುವುದಿಲ್ಲ, ಮತ್ತೆ ಮತ್ತೆ ಬೇಕಾಗುತ್ತದೆ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲಿಕ್ಕಾಗುವುದಿಲ್ಲವಾದ್ದರಿಂದ ಒಂದೇ ದಿನ ಬಂದ ಗುಂಪಿನಿಂದ ತೆಗೆದು ಕೂಡಿಡುವಂತೆಯೂ ಇಲ್ಲ. ಆ ಭಾನುವಾರ ಬಂದವರ ಹೆಸರು, ನಂಬರು ಬರೆದಿಟ್ಟು "ಗುರುವಾರ ಬನ್ನಿ, ಭಾನುವಾರ ಬನ್ನಿ" ಅಂತ ಹಂಚಿದ್ದರೆ ಇಡೀ ತಿಂಗಳು ಸಾಗುತ್ತಿತ್ತು. ನಾವು ಅವರನ್ನು ಗೇಟಿನಿಂದ ವಾಪಸ್ ಕಳಿಸಿದ್ದೆವು. ಎರಡನೇ ಸಲ ಕೇಳಿದಾಗ ಬಂದ ಮೊದಲ ಉತ್ತರ, "ಇದು ಹಳೇ ಫೇಕ್ ಮೆಸೇಜ್."

ಡಿಲೀಟ್ ಮಾಡಿದರೆ ಸಾಲದು, ಇನ್ನೂ ಹಾಳು. ಬೇರೆಯವರು ಫಾರ್ವರ್ಡ್ ಮಾಡಿದ ಪ್ರತಿಗಳು ನಿಮ್ಮ ಡಿಲೀಟಿನಿಂದ ಹೋಗುವುದಿಲ್ಲ, ಪರೀಕ್ಷಿಸಲು ಬಂದವನಿಗೆ ಮೂಲ ಪೋಸ್ಟೇ ಸಿಗದಂತಾಗುತ್ತದೆ. ಪೋಸ್ಟ್ ಹಾಗೇ ಇರಲಿ. ಎಡಿಟ್ ಮಾಡಿ ಮೊದಲ ಸಾಲಿನಲ್ಲೇ ತಾರೀಖಿನ ಸಮೇತ "ಡೋನರ್ ಸಿಕ್ಕಿದ್ದಾರೆ, ಕರೆ ಮಾಡಬೇಡಿ" ಅಂತ ಹಾಕಿ, ನಂಬರ್ ತೆಗೆಯಿರಿ. ಯಾವ ಯಾವ ಗ್ರೂಪಿಗೆ ಕಳಿಸಿದ್ದಿರೋ ಅಲ್ಲೆಲ್ಲ ಅದನ್ನೇ ಕಳಿಸಿ. ಗೆಳೆಯನ ಮನೆಗೆ ಕ್ಷಮೆ ಕೇಳಲು ಹೋಗುವ ಮುಂಚೆ, ಅವರಿಗೆ ಬರುವ ಕರೆಗಳನ್ನು ಒಂದು ವಾರ ನಿಮ್ಮ ಫೋನಿಗೆ ಫಾರ್ವರ್ಡ್ ಮಾಡಿಸಿಕೊಳ್ಳಿ.

ಮುಂದಿನ ಸಲ ಸಾರ್ವಜನಿಕವಾಗಿ ಹಾಕಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಮೊದಲು ಬ್ಲಡ್ ಬ್ಯಾಂಕಿನ ಕೌಂಟರಿನಲ್ಲಿ ಎಷ್ಟು ಜನ, ಯಾವ ಗುಂಪು, ಎಷ್ಟು ಗಂಟೆಗೆ ಅಂತ ಕೇಳಿ. ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ಸುತ್ತಲಿನ ಬ್ಯಾಂಕುಗಳ ಸ್ಟಾಕ್ ನೋಡಿ. ಆಮೇಲೆ ಗೊತ್ತಿರುವವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ. ಅದೂ ಆಗದಿದ್ದರೆ ಮಾತ್ರ ಬರೆಯಿರಿ. ನಾನು ಆಮೇಲೆ ಬರೆದದ್ದು ಹೀಗಿತ್ತು:

"ಜುಲೈ 29, ಸೋಮವಾರ ಬೆಳಿಗ್ಗೆ 9ಕ್ಕೆ ಮೈಸೂರಿನಲ್ಲಿ ಕೀಮೋ ರೋಗಿಗೆ ಇಬ್ಬರು ಪ್ಲೇಟ್‌ಲೆಟ್ ಡೋನರ್ ಬೇಕು. ಬಿ ಪಾಸಿಟಿವ್ ಅಥವಾ ನೆಗೆಟಿವ್. ಮೂರ್ನಾಲ್ಕು ಗಂಟೆ ಬಿಡುವಿರಬೇಕು. ನನಗೆ ಮೆಸೇಜ್ ಮಾಡಿ, ನಾನು ಹೇಳಿದ ಮೇಲೆ ಹೊರಡಿ. ಸೋಮವಾರ ಮಧ್ಯಾಹ್ನದ ಮೇಲೆ ಈ ಮನವಿ ರದ್ದು."

ನಂಬರ್ ನನ್ನದು, ಅಕ್ಕನದಲ್ಲ. ಶೇರ್ ಮಾಡಿ ಅಂತ ಬರೆಯಲಿಲ್ಲ. ಕಳಿಸಿದ್ದು ಎರಡೇ ಗ್ರೂಪಿಗೆ, ನಾಲ್ವರು ಉತ್ತರಿಸಿದರು. ಇಬ್ಬರು ಸೋಮವಾರ ಬಂದರು, ಉಳಿದಿಬ್ಬರಿಗೆ ಆ ಶುಕ್ರವಾರದ ದಿನ ಕೊಟ್ಟೆವು.