ಹಳೇ ಅಪಾರ್ಟ್‌ಮೆಂಟ್ ಮೇಲೆ ಇನ್ನೊಂದು ಫ್ಲೋರ್: ಕಮಿಟಿಗೆ ಏನಂತ ಲೆಟರ್ ಬರೀಬೇಕು?

ಪ್ರಶ್ನೆ: ಬೆಂಗಳೂರಲ್ಲಿ ನಮ್ಮದು 1994ರ ಬಿಲ್ಡಿಂಗ್, ಕೆಳಗೆ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ಮೂರು ಫ್ಲೋರ್. ಕಮಿಟಿಯವರು ಟೆರೇಸ್ ಮೇಲೆ ಇನ್ನೊಂದು ಫ್ಲೋರ್ ಹಾಕಿಸೋಣ ಅಂತಿದಾರೆ. ಕಾಂಟ್ರಾಕ್ಟರ್ ಬಂದು ನೋಡಿ, ಪಿಲ್ಲರ್ ಗಟ್ಟಿ ಇದೆ, ಮೇಲೆ ಕಂಬೀನೂ ಬಿಟ್ಟಿದಾರೆ, ತೊಂದ್ರೆ ಇಲ್ಲ ಅಂದ್ರು. ನಂಗೆ ಭಯ. ಲೆಟರಲ್ಲಿ ಏನು ಬರೀಲಿ?

ನಾನು ಸ್ಟ್ರಕ್ಚರಲ್ ಎಂಜಿನಿಯರ್, ಇಂಥ ಹಳೇ ಬಿಲ್ಡಿಂಗ್‌ಗಳ ಲೆಕ್ಕ ನೋಡೋದೇ ನನ್ನ ಕೆಲಸ. ಲೆಟರಲ್ಲಿ "ಭಯ ಆಗ್ತಿದೆ" ಅಂತ ಬರೆದ್ರೆ ಯಾರೂ ಓದಲ್ಲ, ಒಂದು ಪಿಲ್ಲರ್‌ದು ಲೆಕ್ಕ ಕೇಳಿ. ಸ್ಟಿಲ್ಟ್‌ನಲ್ಲಿರೋ ಮಧ್ಯದ ಪಿಲ್ಲರ್ ಮೇಲೆ ಈಗ ಎಷ್ಟು ಟನ್ ಕೂತಿದೆ, ಫ್ಲೋರ್ ಹಾಕಿದ ಮೇಲೆ ಎಷ್ಟಾಗತ್ತೆ, ಅದು ತಡೆಯೋದು ಎಷ್ಟು, ಅಷ್ಟೇ.

ಆ ಕಾಲದ ಬಿಲ್ಡಿಂಗಲ್ಲಿ ಸಾಮಾನ್ಯವಾಗಿ ಸಿಗೋ ಅಳತೆ ಹಿಡ್ಕೊಂಡು ಮಾಡಿ ತೋರಿಸ್ತೀನಿ. ಪಿಲ್ಲರ್ 9 ಇಂಚು 18 ಇಂಚು, ಒಳಗೆ 16 ಎಂಎಂ ಕಂಬಿ ಆರು, ಕಾಂಕ್ರೀಟ್ ಎಂ15 ಗ್ರೇಡ್ (2000ದ ಕೋಡ್ ಬಂದ ಮೇಲೆ ಆರ್‌ಸಿಸಿಗೆ ಕನಿಷ್ಠ ಎಂ20 ಆಯ್ತು, ಅದಕ್ಕೂ ಮುಂಚೆ ಎಂ15 ಮಾಮೂಲಿ). ಸೇಫ್ಟಿ ಫ್ಯಾಕ್ಟರ್ ಕಳೆದು ಇದು ಹೊರೋದು ಸುಮಾರು 63 ಟನ್, ಅದೂ ಬಾಗೋ ಒತ್ತಡ ಲೆಕ್ಕಕ್ಕೆ ತಗೊಳ್ದೆ. ಈ ಪಿಲ್ಲರ್ ಪಾಲಿಗೆ ಪ್ರತಿ ಫ್ಲೋರಿಂದ 14 ಚದರ ಮೀಟರ್ ಬರತ್ತೆ ಅಂದ್ಕೊಳ್ಳಿ, ಸ್ಲ್ಯಾಬು ಬೀಮು ಗೋಡೆ ಜನ ಸಾಮಾನು ಎಲ್ಲ ಸೇರಿ ಫ್ಲೋರ್‌ಗೆ 16 ಟನ್, ಮೂರಕ್ಕೆ 48, ಟೆರೇಸ್‌ದು ಒಂದು 10, ಒಟ್ಟು 58. ಇನ್ನೊಂದು ಫ್ಲೋರ್ ಹಾಕಿದ್ರೆ 74. ತಡೆಯೋದು 63, ಬರೋದು 74. "ಸೇಫ್ಟಿ ಫ್ಯಾಕ್ಟರ್ ಇರತ್ತೆ ಬಿಡಿ ಸಾರ್" ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ, ಅದು ಕಾಂಕ್ರೀಟ್ ಕಳಪೆ ಬಂದಿದ್ರೆ, ಲೋಡ್ ಅಂದಾಜು ತಪ್ಪಿದ್ರೆ ಕಾಪಾಡಕ್ಕೆ ಇಟ್ಟಿರೋದು, ಫ್ಲೋರ್ ಕಟ್ಟಕ್ಕಲ್ಲ.

ಪಾಯದ ಕಥೆನೂ ಹಿಂಗೇ. ಫುಟಿಂಗ್ 1.8 ಮೀಟರ್ ಚೌಕ ಇದ್ದು ಮಣ್ಣು ಚದರ ಮೀಟರಿಗೆ 20 ಟನ್ ತಡೆಯತ್ತೆ ಅಂದ್ರೆ ಒಟ್ಟು 65 ಟನ್, ಫುಟಿಂಗ್‌ದೇ ತೂಕ ಸೇರಿಸಿದ್ರೆ ಈಗಾಗ್ಲೇ ಅದು ಹತ್ತತ್ರ ತುಂಬಿದೆ. ಮೇಲಿನ ಫ್ಲೋರ್ ಬಂದ್ರೆ ಮಣ್ಣಿನ ಮೇಲೆ ಚದರ ಮೀಟರಿಗೆ 25 ಟನ್ ಆಗತ್ತೆ. ಎಲ್ಲಾ ಪಿಲ್ಲರ್‌ಗೂ ಒಂದೇ ಥರ ಕುಸಿತ ಇರಲ್ಲ, ಒಂದು ಕಡೆ ಜಾಸ್ತಿ ಕೂತ್ರೆ ಗೋಡೇಲಿ ಓರೆ ಬಿರುಕು ಬರತ್ತೆ, ಬಾಗಿಲು ಹಿಡಿಯಕ್ಕೆ ಶುರುವಾಗತ್ತೆ.

ನಿಮ್ಮ ಬಿಲ್ಡಿಂಗ್‌ದು ಬೇರೆ ಅಂಕಿ ಬರಬಹುದು, ಅದನ್ನ ಅಳತೆ ಮಾಡಿಸಿ ಅಂತಾನೇ ಬರೀಬೇಕು. ಬರೀ ರೀಬೌಂಡ್ ಹ್ಯಾಮರ್ ಹೊಡೆದು ನೋಡಿದ್ರೆ ಸಾಲದು, ಹಳೇ ಕಾಂಕ್ರೀಟಿನ ಮೇಲ್ಮೈ ಗಾಳಿಗೆ ಗಟ್ಟಿಯಾಗಿರತ್ತೆ, ಹ್ಯಾಮರ್ ಇರೋದಕ್ಕಿಂತ ಹೆಚ್ಚು ಶಕ್ತಿ ತೋರಿಸತ್ತೆ. ಕೋರ್, ಅಂದ್ರೆ ಕಾಂಕ್ರೀಟಿನ ಸಣ್ಣ ಉರುಳೆ, ಕೊರೆದು ತೆಗೆದು ಲ್ಯಾಬಲ್ಲಿ ಒಡೆಸಬೇಕು, ಹೆಚ್ಚು ಭಾರ ಹೊತ್ತಿರೋ ಪಿಲ್ಲರಲ್ಲಿ ಕಂಬಿ ತಪ್ಪಿಸಿ, ಎಂಜಿನಿಯರ್ ಗುರುತು ಹಾಕಿದ ಜಾಗದಲ್ಲಿ ಮಾತ್ರ. ಹೊಸದಾಗಿ ಒಡೆದ ಜಾಗಕ್ಕೆ ಫಿನಾಲ್ಫ್ತಲಿನ್ ದ್ರಾವಣ ಹಾಕಿದ್ರೆ ಒಳ್ಳೇ ಕಾಂಕ್ರೀಟ್ ಗುಲಾಬಿ ಆಗತ್ತೆ. ಕಂಬಿವರೆಗೂ ಬಣ್ಣ ಬರದೇ ಇದ್ರೆ ತುಕ್ಕಿಂದ ಕಂಬಿಗಿದ್ದ ರಕ್ಷಣೆ ಹೋಗಿದೆ ಅಂತ. ಒಂದೆರಡು ಫುಟಿಂಗ್ ಪಕ್ಕ ಗುಂಡಿ ತೆಗೆದು ಅಳತೇನೂ ನೋಡಿಸಿ. ಟೆರೇಸ್ ಮೇಲೆ ಬಿಟ್ಟಿರೋ ಕಂಬಿ ಕೆಳಗಿನ ಫುಟಿಂಗ್ ಬಗ್ಗೆ ಏನೂ ಹೇಳಲ್ಲ, 30 ವರ್ಷ ಮಳೇಲಿ ನೆಂದು ಸವೆದಿರೋದೂ ಇರತ್ತೆ.

ನಂಗೆ ಇದೆಲ್ಲಕ್ಕಿಂತ ಚಿಂತೆ ಸ್ಟಿಲ್ಟ್‌ದು. ಮೇಲೆಲ್ಲ ಗೋಡೆ ಇದ್ದು ಬಿಗಿಯಾಗಿರತ್ತೆ, ಕೆಳಗೆ ಬರೀ ಪಿಲ್ಲರ್, ಭೂಮಿ ಅಲುಗಾಡಿದ್ರೆ ಓಲಾಟ ಪೂರ್ತಿ ಅಲ್ಲೇ ಆಗತ್ತೆ. 2001ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿ.ಮೀ.ಗಿಂತ ದೂರ ಇದ್ದ ಅಹಮದಾಬಾದಲ್ಲೂ ಇಂಥ ಸ್ಟಿಲ್ಟ್ ಬಿಲ್ಡಿಂಗ್‌ಗಳು ಬಿದ್ವು. ಬೆಂಗಳೂರಲ್ಲಿ ಅಪಾಯ ಕಮ್ಮಿ, ಆದ್ರೆ ಮೇಲೆ ತೂಕ ಹಾಕಿದಷ್ಟೂ ಆ ಪಿಲ್ಲರ್‌ಗಳ ಮೇಲೆ ಪಕ್ಕದ ತಳ್ಳಾಟ ಹೆಚ್ಚತ್ತೆ, ಲೆಕ್ಕದಲ್ಲಿ ಅದೂ ಇರಲೇಬೇಕು.

ಲೆಟರ್ ಹಿಂಗೆ ಬರೀರಿ:

"ಮಾನ್ಯ ಅಧ್ಯಕ್ಷರು ಮತ್ತು ಕಮಿಟಿ ಸದಸ್ಯರಿಗೆ, ಹೊಸ ಮಹಡಿ ಬಗ್ಗೆ ತೀರ್ಮಾನ ತಗೊಳ್ಳೋ ಮುಂಚೆ, ಕಾಂಟ್ರಾಕ್ಟರ್‌ಗೆ ಸಂಬಂಧ ಇಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಹತ್ರ ಕೋರ್ ಟೆಸ್ಟ್, ಕಂಬಿ ಮತ್ತು ಫುಟಿಂಗ್ ಪರೀಕ್ಷೆ ಮಾಡಿಸಿ. ಪ್ರತಿ ಪಿಲ್ಲರ್‌ಗೆ ಈಗಿನ ಲೋಡ್, ಮುಂದಿನ ಲೋಡ್, ತಡೆಯೋ ಶಕ್ತಿ, ಭೂಕಂಪದ ಲೆಕ್ಕ ಸಹಿತ, ಸಹಿ ಹಾಕಿದ ರಿಪೋರ್ಟ್ ಎಲ್ಲ ಮನೆಯವರಿಗೂ ಕೊಡಿ. ಅಲ್ಲೀವರೆಗೂ ಕಾಂಟ್ರಾಕ್ಟರ್‌ಗೆ ಅಡ್ವಾನ್ಸ್ ಕೊಡಬೇಡಿ, ಟೆರೇಸ್ ಒಡೆಸಬೇಡಿ. ಪಾಲಿಕೆಯ ಪ್ಲ್ಯಾನ್ ಮಂಜೂರಾತಿ ಮತ್ತು ಎಲ್ಲ ಮಾಲೀಕರ ಒಪ್ಪಿಗೆ ಇಲ್ಲದೆ ಕೆಲಸ ಶುರು ಮಾಡಬೇಡಿ."

ರಿಪೋರ್ಟಲ್ಲಿ ಕೊರತೆ ಬಂದ್ರೆ ಪಿಲ್ಲರ್ ಜಾಕೆಟಿಂಗ್ ಮಾಡೋಣ, ಅಂದ್ರೆ ಸುತ್ತ ಹೊಸ ಕಂಬಿ ಕಾಂಕ್ರೀಟ್ ಹಾಕಿ ದಪ್ಪ ಮಾಡೋಣ ಅಂತಾರೆ. ಜಾಕೆಟಿಂಗ್ ಪಾಯದಿಂದ ಶುರುವಾಗಬೇಕು, ಸ್ಟಿಲ್ಟ್ ನೆಲದಿಂದ ಮೇಲಕ್ಕೆ ಮಾತ್ರ ಸುತ್ತಿದ್ರೆ ಫುಟಿಂಗ್ ಹಂಗೇ ಉಳಿಯತ್ತೆ. ಅದರ ಖರ್ಚು ಯಾರು ಕೊಡ್ತಾರೆ, ಅಷ್ಟು ದಿನ ಕಾರು ಎಲ್ಲಿ ನಿಲ್ಸೋದು ಅನ್ನೋದನ್ನೂ ಅದೇ ಮೀಟಿಂಗಲ್ಲಿ ಕೇಳಿ.