ಅರ್ಥಿಂಗ್ ಇದ್ದರೂ ಟಿವಿ ಸುಟ್ಟಿದ್ದೇಕೆ?

"ಹೋದ ವರ್ಷವೇ ಅರ್ಥಿಂಗ್ ಮಾಡಿಸಿದ್ದೇವೆ. ಸ್ವಿಚ್ ಕೂಡ ಆಫ್ ಇತ್ತು. ಆದರೂ ಮೊನ್ನೆಯ ಸಿಡಿಲಿಗೆ ಟಿವಿ, ಸೆಟ್‌ಟಾಪ್ ಬಾಕ್ಸ್ ಎರಡೂ ಹೋದವು. ಅರ್ಥಿಂಗ್ ಸರಿಯಿಲ್ಲವೇ?"

ಅರ್ಥಿಂಗ್ ಸರಿಯಿದ್ದರೂ ಹೀಗಾಗುತ್ತದೆ. ಫ್ರಿಜ್, ಗೀಸರ್‌ನ ಲೋಹದ ಮೈಗೆ ಕರೆಂಟ್ ಸೋರಿದಾಗ ನಿಮಗೆ ಶಾಕ್ ಹೊಡೆಯದಂತೆ ಕಾಯುವುದು ಅದರ ಕೆಲಸ. ತಂತಿಯಲ್ಲಿ ನುಗ್ಗಿ ಬರುವ ಸಿಡಿಲಿನ ವೋಲ್ಟೇಜನ್ನು ಅದೊಂದೇ ತಡೆಯಲಾರದು. ಎಷ್ಟೋ ಟಿವಿಗಳದ್ದು ಎರಡು ಪಿನ್ನಿನ ಪ್ಲಗ್. ಅವಕ್ಕೆ ಅರ್ಥ್ ಸಂಪರ್ಕವೇ ಇರುವುದಿಲ್ಲ.

ಸ್ವಿಚ್ ಕಡಿಯುವುದು ಫೇಸ್ ಒಂದನ್ನೇ, ನ್ಯೂಟ್ರಲ್ ಹಾಗೇ ಉಳಿಯುತ್ತದೆ. ಫೇಸ್‌ನಲ್ಲೂ ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರ್ ಅಂತರವನ್ನು ಸಿಡಿಲು ಸುಲಭವಾಗಿ ಹಾರುತ್ತದೆ. ಜೊತೆಗೆ ಚಾವಣಿಯ ಡಿಶ್ ಕೇಬಲ್ ಇದೆಯಲ್ಲ, ಎರಡೂ ಒಟ್ಟಿಗೆ ಹೋಗಿದ್ದರೆ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಕೇಬಲ್‌ನಿಂದ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ತಂತಿಯಲ್ಲಿ ಟಿವಿಗೆ ದಾರಿ. ಬಾಕ್ಸ್‌ನ ಡಿಶ್ ಪೋರ್ಟ್ ಅಥವಾ ಟಿವಿಯ ಎಚ್‌ಡಿಎಂಐ ಪೋರ್ಟ್ ಸುತ್ತ ಕಪ್ಪಾಗಿದ್ದರೆ ಅದು ಬಹುತೇಕ ಖಚಿತ.

ಹಾಗಾಗಿ ಪ್ಲಗ್ ಕಿತ್ತು, ಡಿಶ್ ಕೇಬಲ್ಲನ್ನೂ ತಿರುಗಿಸಿ ಬಿಚ್ಚಿ, ಉಪಕರಣದಿಂದ ದೂರ ಇಡಿ. ರೂಟರ್‌ಗೆ ಫೈಬರ್ ಬಂದಿದ್ದರೆ ಅಡಾಪ್ಟರ್ ಕಿತ್ತರೆ ಸಾಕು, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯದು. ಇದೆಲ್ಲ ಮೋಡ ಕಪ್ಪಾಗುವಾಗಲೇ ಆಗಬೇಕು. ಗುಡುಗು ಕೇಳಿಸಲು ಶುರುವಾದ ಮೇಲೆ ತಂತಿ ಮುಟ್ಟಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಬಿಟ್ಟು ಮತ್ತೆ ಜೋಡಿಸಿ.

ಮನೆಯಲ್ಲಿ ಇಲ್ಲದ ಹೊತ್ತಿಗೆ ಮೇನ್ ಬೋರ್ಡ್‌ನಲ್ಲಿ, ತಂತಿಯಲ್ಲಿ ನುಗ್ಗುವ ಹೆಚ್ಚಿನ ವೋಲ್ಟೇಜನ್ನು ಅರ್ಥ್‌ಗೆ ಇಳಿಸುವ ಟೈಪ್ 2 ಸರ್ಜ್ ಪ್ರೊಟೆಕ್ಷನ್ ಡಿವೈಸ್ ಹಾಕಿಸಬಹುದು. ಅದಕ್ಕೆ ನಿಮ್ಮ ಅರ್ಥಿಂಗ್ ನಿಜವಾಗಿ ಬೇಕು. ಆ ಡಿವೈಸ್‌ನ ಜೋಡಣೆ ತಂತಿ ಅರ್ಧ ಮೀಟರಿಗಿಂತ ಉದ್ದವಾಗದಂತೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ಡಿಶ್ ಕೇಬಲ್‌ನಿಂದ ಬರುವುದನ್ನು ಮಾತ್ರ ಅದು ತಡೆಯುವುದಿಲ್ಲ.